ಕಾಲರಿನ ಹುಕ್ಕು

ತಮ್ಮನ ಮಗನ ಮದುವೆಗೆ ಶೇರ್ವಾನಿ ಬೇಕೆಂದು ಮೇಷ್ಟ್ರು ದರ್ಜಿಯ ಅಂಗಡಿಗೆ ಬಂದರು.

"ಮೊಣಕಾಲು ದಾಟೋ ಕಸೂತಿ ಶೇರ್ವಾನಿ ಮದುಮಗನಿಗೆ, ಮೇಷ್ಟ್ರೇ. ನೀವು ಹಾಕ್ಕೊಂಡ್ರೆ ಹುಡುಗಿ ಕಡೆಯವರು ಗಾಬರಿಯಾಗ್ತಾರೆ!" ಎಂದ ದರ್ಜಿ. "ಹಿರಿಯರಿಗೆ ಅಚ್ಕನ್ ಒಪ್ಪುತ್ತೆ. ಮೊಣಕಾಲವರೆಗೆ, ಹಗುರ."

ಮೇಷ್ಟ್ರು ನಗುತ್ತಲೇ ತೊಟ್ಟರು. ಕೊರಳಿಂದ ಸೊಂಟದ ಕೆಳಗಿನವರೆಗೂ ಗುಂಡಿಗಳ ಸಾಲು. ವಯಸ್ಸಾದ ಬೆರಳುಗಳು ನಾಲ್ಕನೆಯದಕ್ಕೇ ಸೋತವು.

"ನನ್ನ ಹೆಂಡ್ತಿ ಇದ್ದಾಗ ಅವಳೇ ಹಾಕ್ತಿದ್ಲು."

ದರ್ಜಿ ಬಂದ್‌ಗಲಾ ತಂದ. ಸೊಂಟದ ಕೆಳಗೇ ಮುಗಿಯುವ ಕೋಟು, ಐದೇ ಗುಂಡಿ. "ಮದುವೆ, ಸಭೆ, ಎಲ್ಲಕ್ಕೂ ನಡೆಯುತ್ತೆ."

ಐದನ್ನೂ ಮೇಷ್ಟ್ರೇ ಹಾಕಿಕೊಂಡರು. ಆದರೆ ನೆಟ್ಟಗೆ ನಿಲ್ಲುವ ಕಾಲರು ಮೂರಕ್ಕೂ ಒಂದೇ. ಅದರ ಹುಕ್ಕು ಮಾತ್ರ ಕೈಗೆ ಸಿಗಲಿಲ್ಲ.

"ಮದುವೆ ದಿನ ಇಲ್ಲಿಗೇ ಬನ್ನಿ, ನಾನು ಹಾಕ್ತೀನಿ."

"ನೀನು ಹಾಕ್ತೀಯಪ್ಪ," ಎಂದರು ಮೇಷ್ಟ್ರು. "ಮನೆಗೆ ಹೋದ್ಮೇಲೆ ಬಿಚ್ಚೋರ್ಯಾರು?"