ಅಣ್ಣನ ನಂಬರಿಗೆ ಬಂದ ಓಟಿಪಿ

ಇಳಕಲ್ಲಿನಿಂದ ನಸುಕಿನಲ್ಲೇ ಹೊರಟು, ಗುಡೂರು, ಬಾದಾಮಿ ದಾಟಿ ಹುಬ್ಬಳ್ಳಿ ವಿಮಾನ ನಿಲ್ದಾಣ ಮುಟ್ಟುವ ಹೊತ್ತಿಗೆ ಶಹರಬಾನುವಿನ ಸೊಂಟ ಹಿಡಿದುಹೋಗಿತ್ತು. ಅದು ಸಾಲದೆಂಬಂತೆ ಬಾಗಿಲಲ್ಲಿ ನಿಂತ ಪೊಲೀಸ ಆಕೆಯ ಆಧಾರ ಕಾರ್ಡನ್ನು ಹಿಂದೆ ಮುಂದೆ ತಿರುವಿ ನೋಡಿದ.

"ಇದು ಝೆರಾಕ್ಸ್ ಐತ್ರಿ ಅಮ್ಮಾ. ಒರಿಜಿನಲ್ ಬೇಕು."

ಒರಿಜಿನಲ್ಲು ಇಳಕಲ್ಲಿನ ಟ್ರಂಕಿನಲ್ಲಿತ್ತು. ಅದನ್ನು ಹೊಸ್ತಿಲು ದಾಟಿಸಬಾರದೆಂಬುದು ಆ ಓಣಿಯ ಹೆಂಗಸರ ಕಟ್ಟುನಿಟ್ಟು. ಕಳೆದುಹೋದರೆ ಮತ್ತೆ ಕಚೇರಿಗಳಿಗೆ ಅಲೆಯುವವರು ಯಾರು? ಅದಕ್ಕೇ ಎಲ್ಲರೂ ಝೆರಾಕ್ಸಿಗೆ ಲ್ಯಾಮಿನೇಶನ್ ಮಾಡಿಸಿ ಚೀಲದಲ್ಲಿಟ್ಟುಕೊಂಡು, ಕಂಡಕ್ಟರನ ಮುಂದೆ ಹಿಡಿದು ಬೀಗುತ್ತಾರೆ. ಟ್ರಂಕಿನ ಕೀಲಿ ಮಾತ್ರ ಆಕೆಯ ಕೊರಳಲ್ಲಿ ಜೋತಾಡುತ್ತಿತ್ತು. ಎಂಥಾ ಜಾಣತನ, ನೋಡಿ!

ಮುಂಬೈಯಲ್ಲಿ ಮಗಳು ನರ್ಗೀಸಳಿಗೆ ಅಂದೇ ಸಂಜೆ ಹೃದಯದ ಆಪರೇಶನ್. "ಅಮ್ಮಾ, ನಿನ್ನ ಮಾರಿ, ನನ್ನ ಮಗಳ ಮಾರಿ ನೋಡಿನ ನಾ ಒಳಗ ಹೋಗ್ತೇನಿ," ಎಂದು ಅತ್ತು ಟಿಕೇಟು ಕಳಿಸಿದ್ದಳು. ಈ ವಿಮಾನ ತಪ್ಪಿದರೆ ಆಪರೇಶನ್ ಆದ ಮೇಲೆಯೇ ನೋಡುವುದು. ಅಥವಾ... ತೋಬಾ, ಅದನ್ನು ನೆನೆಯಲೂ ಬಾರದು.

ಬಾಗಿಲ ಪಕ್ಕದಲ್ಲೇ ವಿಮಾನ ಕಂಪನಿಯ ಕೌಂಟರ್ ಇತ್ತು. ಕಾರು ತಂದಿದ್ದ ಓಣಿಯ ಹುಡುಗ ಅಫ್ಜಲ ಅಲ್ಲಿಗೆ ಕರೆದೊಯ್ದ. ಮೊಮ್ಮಗಳು ಮುಬಶೀರಾ ಕೇಳುವ ಮೊದಲೇ ತನ್ನ ಸಾಲಿಯ ಐಡಿ ಕಾರ್ಡು ತೋರಿಸಿದಳು.

"ಶಾಣ್ಯಾಕಿ ಅದಿ!" ಕೌಂಟರಿನ ಮೃಣಾಲಿನಿ ನಕ್ಕಳು. "ದೊಡ್ಡವರ ಜೋಡಿ ಬರೋ ಸಣ್ಣ ಹುಡುಗರಿಗೆ ಐಡಿ ಇಲ್ಲದಿದ್ರೂ ನಡೀತದ. ಆದ್ರ ಆ ದೊಡ್ಡವರ ಹತ್ರ ಖರೇ ಐಡಿ ಇರಬೇಕು."

"ಪಾಸ್‌ಪೋರ್ಟ್ ಇಲ್ರಿ ನನಗ."

"ದೇಶದ ಒಳಗ ಹೋಗಾಕ ಅದ್ಯಾಕ ಬೇಕ್ರಿ? ವೋಟರ್ ಕಾರ್ಡು, ಪ್ಯಾನ್ ಕಾರ್ಡು, ಲೈಸನ್ಸು, ಇಲ್ಲಾ ಸರಕಾರಿ ಬ್ಯಾಂಕಿನವರು ಫೋಟೋ ಹಚ್ಚಿ ಸಿಕ್ಕಾ ಹೊಡೆದಿದ್ದ ಪಾಸ್‌ಬುಕ್. ಯಾವುದಾರ ಒಂದು?"

ವೋಟರ್ ಕಾರ್ಡು, ಪಾಸ್‌ಬುಕ್ ಎರಡೂ ಟ್ರಂಕಿನಲ್ಲೇ ಇದ್ದವು. ಯಾರಾದರೂ ಬೀಗ ಒಡೆದು ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಆಗದೇ ಎಂದ ಅಫ್ಜಲ.

"ಫೋಟೋ ನಡೆಯೂದಿಲ್ಲ. ಎಂ-ಆಧಾರ್ ಇಲ್ಲಾ ಡಿಜಿಲಾಕರ್ ಆ್ಯಪ್‌ನಾಗ ತೆಗೆದು ತೋರಿಸಿದ್ರ ನಡೀತದ. ಲಗೂ ಮಾಡ್ರಿ, ಕೌಂಟರ್ ಮುಚ್ತಾರ."

ಅಫ್ಜಲ ಮುದುಕಿಯ ಫೋನಿಗೇ ಡಿಜಿಲಾಕರ್ ಇಳಿಸಿ ಆಧಾರ ನಂಬರು ಒತ್ತಿದ. ಓಟಿಪಿ ಹೋಯಿತು. ಆದರೆ ಈ ಫೋನಿಗಲ್ಲ.

ಓಣಿಯಲ್ಲಿ ಆಧಾರ ಕ್ಯಾಂಪ್ ನಡೆದಾಗ ಹೆಂಗಸರ ಹತ್ತಿರ ಎಲ್ಲಿಯ ಮೊಬೈಲು? ಎಲ್ಲರೂ ಮನೆಯ ಹಿರಿಯ ಗಂಡಸಿನ ನಂಬರು ಬರೆಸಿದ್ದರು. ಗಂಡ ತೀರಿಕೊಂಡಿದ್ದ ಶಹರಬಾನು ಬರೆಸಿದ್ದು ಅಣ್ಣ ಫಕ್ರುಸಾಬನದು. ಅವನ ಮಗನಿಗೆ ನರ್ಗೀಸಳನ್ನು ಕೊಡಲಿಲ್ಲವೆಂದು ಅವನು ಮಾತು ಬಿಟ್ಟು ಎಷ್ಟೋ ಈದ್ ಕಳೆದಿದ್ದವು. ಈಕೆಯದೂ ಅದೇ ಹಟ. ಈ ಫೋನಿನ ನಂಬರು ಅವನಿಗೆ ಗೊತ್ತೇ ಇರಲಿಲ್ಲ.

ಅಫ್ಜಲನೇ ಫೋನ್ ಹಚ್ಚಿ, "ಚಾಚಾ, ಒಂದು ಓಟಿಪಿ ಬಂದೈತಿ, ಹೇಳ್ರಿ," ಎಂದ.

"ಲೇ ಬದ್ಮಾಶ್! ಓಟಿಪಿ ಕೇಳಿ ನಮ್ಮ ಮನಿ ತೊಳೀಬೇಕಂತೀ ಏನು?" ಕರೆ ಕಡಿದುಹೋಯಿತು.

ಅವನನ್ನು ಬೈಯಲೂ ಬರುವಂತಿರಲಿಲ್ಲ. ಕಾಲ ಹಾಗಿದೆ. ಶಹರಬಾನು ಅಲ್ಲೇ ಕಟ್ಟೆಯ ಮೇಲೆ ಕುಸಿದಳು. ಸಾಕಾಗಿತ್ತು, ಜೀವವೇ ಸಾಕಾಗಿತ್ತು. ಮಗಳ ಬಿಳಿಚಿದ ಮುಖ ಕಣ್ಣ ಮುಂದೆ ಬಂದು ನಿಂತಿತು. ಹಟ ಸುಟ್ಟುಹೋಗಲಿ ಎಂದುಕೊಂಡು ಫೋನು ತಾನೇ ಕೈಗೆತ್ತಿಕೊಂಡಳು.

"ಭಾಯಿ, ನಾ ಬಾನು."



"ನೀ ಬಾನು ಅನ್ನಾಕ ಏನ್ ಗುರ್ತು?" ದನಿ ಗಡಸಾಗಿತ್ತು.

ಇಲ್ಲಿಯೂ ಗುರುತು, ಅಲ್ಲಿಯೂ ಗುರುತು! ಆಕೆಗೆ ರೇಗಿಹೋಯಿತು.

"ಮಗ್ಗದ ಕುಣಿಯಾಗ ನನ್ನ ದೂಡಿ, ಹುಬ್ಬಿಗೆ ಹೊಲಿಗಿ ಹಾಕಿಸಿದವ ನೀನ ಅಲ್ಲೇನು? ಅಬ್ಬಾನ ಮುಂದ 'ತಾನ ಬಿದ್ಲು' ಅಂತ ಸುಳ್ಳು ಹೇಳಿದ್ದಿ. ನಾನೂ ಹೂಂ ಅಂದಿದ್ದೆ. ನರ್ಗೀಸಗ ಇವತ್ತು ಎದಿ ಕೊಯ್ತಾರ, ಭಾಯಿ. ನನ್ನ ಒಳಗ ಬಿಡವಲ್ರು."

ಫಕ್ರುಸಾಬ ಏನೂ ಕೇಳಲಿಲ್ಲ. ಒಂದೊಂದೇ ಅಂಕಿ ಬಿಡಿಸಿ ಹೇಳಿದ. ಅಫ್ಜಲ ಒತ್ತಿದ. ಪರದೆಯ ಮೇಲೆ ಆಧಾರ ತೆರೆದುಕೊಂಡಿತು, ಹುಬ್ಬಿನ ಗಾಯದ ಕಲೆಯ ಸಮೇತ. ಮೃಣಾಲಿನಿ ನೋಡಿ ತಲೆಯಾಡಿಸಿ, "ಹೋಗ್ರಿ, ಲಗೂ," ಎಂದಳು.

ಕರೆ ಇನ್ನೂ ನಡೆದಿತ್ತು.

"ಊರಿಗೆ ಬಂದ ಮ್ಯಾಲ ಆಧಾರಕ್ಕ ನನ್ನ ನಂಬರ ಹಾಕಸ್ತೇನಿ, ಭಾಯಿ. ನಿನಗ್ಯಾಕ ತ್ರಾಸು."

"ಬ್ಯಾಡ," ಎಂದ ಫಕ್ರುಸಾಬ. "ನೀ ರೇಶನ್ ತಗೊಂಡಾಗ, ನಿನ್ನ ವಿಧವಾ ವೇತನ ಜಮಾ ಆದಾಗ, ಎಲ್ಲಾ ಮೆಸೇಜ್ ಇಲ್ಲಿಗೇ ಬರ್ತಾವ. ಅದನ್ನ ನೋಡಿನ ನಾ, ಬಾನು ಅರಾಮ ಅದಾಳ ಅಂತ ತಿಳ್ಕೋತಿದ್ದೆ. ಹಂಗ ಇರ್ಲಿ ಬಿಡು."

ಶಹರಬಾನು ಸೆರಗಿನಿಂದ ಮುಖ ಒರೆಸಿಕೊಂಡು, ಮೊಮ್ಮಗಳ ಕೈ ಹಿಡಿದು ಬಾಗಿಲ ಕಡೆ ನಡೆದಳು.