ಕೆರಾಡಿಯ ಅಕ್ಕಿಯ ಎರಡು ತುದಿ

ಮೇಲಧಿಕಾರಿ ಪ್ರೇಮಾನಂದ ಪೈಗಳಿಗೆ ಬೇಕಾಗಿದ್ದದ್ದು ಒಂದೇ ಒಂದು ಸಂಖ್ಯೆ. ಗಿರಿಜಾಳ ಹತ್ತಿರ ಇಲ್ಲದ್ದೂ ಅದೇ.

ಅರವತ್ತೆಂಟರ ಆಹಾರ ಸಮೀಕ್ಷೆಗೆ ಕೆರಾಡಿ ಎಂಬ ಹಳ್ಳಿಯನ್ನು ಆರಿಸಿದ್ದರು. ಗಿರಿಜಾ ಮನೆಮನೆಗೂ ಹೋಗಿ, ಒಲೆಗೆ ಬೀಳುವ ಮೊದಲು ಅಕ್ಕಿ, ಬೇಳೆ, ಒಣಮೀನು, ಕಾಯಿತುರಿಗಳನ್ನು ತೂಗಿ ಬಂದಿದ್ದಳು. ಅಲ್ಲಿ ಹೊಟ್ಟೆ ತುಂಬುವುದೆಲ್ಲ ಕುಚ್ಚಲಕ್ಕಿ ಗಂಜಿಯಿಂದ. ದಿನಕ್ಕೆ ಒಬ್ಬರಿಗೆ ನಲವತ್ತೈದು ಗ್ರಾಂ ಪ್ರೋಟೀನು ಸಿಗದ ಊರಿಗೆ ಮಕ್ಕಳ ಹಾಲಿನ ಕೇಂದ್ರ ಬರುತ್ತದೆ, ಸಿಗುವ ಊರಿಗೆ ಬರುವುದಿಲ್ಲ. ಸಮಿತಿ ಎಳೆದ ಗೆರೆ ಅದು.

ಆಹಾರ ಕೋಷ್ಟಕದಲ್ಲಿ ಕುಚ್ಚಲಕ್ಕಿಗೆ ನೂರು ಗ್ರಾಂಗೆ ಎಂಟು ಗ್ರಾಂ ಪ್ರೋಟೀನು ಎಂದಿತ್ತು. ಅದನ್ನೇ ಹಿಡಿದು ಲೆಕ್ಕ ಹಾಕಿದರೆ ಕೆರಾಡಿಗೆ ೪೭.೩೬ ಬಂತು. ಹಾಲು ಇಲ್ಲ.

ಯಾವ ಅಕ್ಕಿ, ಯಾವ ಗದ್ದೆಯದು ಎಂದು ಕೋಷ್ಟಕ ಹೇಳಿರಲಿಲ್ಲ. ಕೆರಾಡಿಯಲ್ಲಿ ತಗ್ಗಿನ ಬೈಲುಗದ್ದೆಯ ಕಯಮೆ ಭತ್ತವೂ ಉಂಟು, ಎತ್ತರದ ಕೆಂಪು ಮುರಕಲ್ಲಿನ ಬೆಟ್ಟುಗದ್ದೆಯ ಭತ್ತವೂ ಉಂಟು. ಗಿರಿಜಾ ಆರು ಮನೆಯ ಅಕ್ಕಿ ಕಟ್ಟಿ ಪ್ರಯೋಗಾಲಯಕ್ಕೆ ಕಳಿಸಿದಳು. ಅವರು ಸಾರಜನಕ ಅಳೆದು, ಪ್ರೋಟೀನು ತಿಳಿಯಲು ಅಕ್ಕಿಗೆ ಬಳಸುವ ೫.೯೫ರಿಂದ ಗುಣಿಸಿದರು. ಒಂದರಲ್ಲಿ ೫.೯, ಇನ್ನೊಂದರಲ್ಲಿ ೮.೨. ಉಳಿದವು ನಡುವೆ. ಸರಾಸರಿ ೬.೮. ಒಬ್ಬರ ದಿನದ ಲೆಕ್ಕಕ್ಕೆ ಹಾಕಿದರೆ ೫.೯ರಿಂದ ೩೮ ಗ್ರಾಂ, ೮.೨ರಿಂದ ೪೮, ಸರಾಸರಿಯಿಂದ ೪೨. ಬೆಟ್ಟಿನದು ಕಡಿಮೆ, ಬೈಲಿನದು ಹೆಚ್ಚು ಎಂದು ಒಂದೇ ಮಾತಿನಲ್ಲಿ ಹೇಳುವ ಹಾಗೂ ಇರಲಿಲ್ಲ. ೮.೨ ಬಂದದ್ದೇ ಒಂದು ಬೆಟ್ಟುಗದ್ದೆಯಿಂದ.

ಸುದ್ದಿ ಕೇಳಿದ ಕೆರಾಡಿಯ ಅಮ್ಮಣ್ಣಿ ತನ್ನ ಮನೆಯ ಜಗಲಿಯಲ್ಲಿ ಮೊಮ್ಮಗಳ ತಲೆ ಬಾಚುತ್ತಲೇ ಕೇಳಿದಳು.

"ಹ್ವಾಯ್ ಅಮ್ಮಾ, ಕಮ್ಮಿ ಬಂದದ್ದೇ ಬರ್ದ್ ಬಿಡಿ ಕಾಂಬ. ಮಕ್ಳಿಗ್ ಹಾಲ್ ಬತ್ತಿಲ್ಯಾ?"

"ಹೆಚ್ಚು ಬಂದದ್ದನ್ನ ಎಲ್ಲಿ ಬಿಸಾಡಲಿ ಅಮ್ಮಣ್ಣಿಯಕ್ಕ?"

"ತೋಡಿಗ್ ಬಿಸಾಡಿ!" ಅಮ್ಮಣ್ಣಿ ಬಾಚಣಿಗೆ ಎತ್ತಿದಳು. "ನಿಮ್ಗ್ ಎಂತ, ಬಸ್ ಹತ್ತಿ ಹೋತ್ರಿ. ಈ ಹೆಣ್ಣಿನ ಕೈ ಕಾಣಿ. ಹಂಚಿಕಡ್ಡಿ ಕಂಡಂಗ್ ಇಲ್ಯಾ?"

ಗಿರಿಜಾ ಪೊರಕೆಯ ಕಡ್ಡಿಯಂತಿದ್ದ ಆ ಕೈಯನ್ನು ನೋಡಿದಳು. ೩೮ ಎಂದು ಬರೆದರೆ ಹಾಲು ಬಂದೀತು. ಆದರೆ ಬೇಕಾದ ಕಡೆಯಿಂದ ಆರಿಸಿದ ಸುಳ್ಳೂ ಸುಳ್ಳೇ. ನಾಳೆ ಇನ್ನೊಬ್ಬರು ೪೮ನ್ನು ಆರಿಸಿದರೆ ತಡೆಯಲು ಅವಳಿಗೆ ಬಾಯಿ ಎಲ್ಲಿರುತ್ತದೆ?

ಮಾರನೇ ದಿನ ಕುಂದಾಪುರದ ಕಚೇರಿಯಲ್ಲಿ ಪೈಗಳು ಅವಳ ವರದಿಯನ್ನು ಮೇಜಿನ ಮೇಲೆ ದೂಡಿದರು.

"ಎಂತದ್ದಿದು? 'ಸುಮಾರು ೪೨. ೩೮ರಿಂದ ೪೮ರವರೆಗೆ ಇರಬಹುದು.' ಇದು ವರದಿಯಾ, ಜ್ಯೋತಿಷ್ಯವಾ?"

"ಅಕ್ಕಿ ಹಾಗಿದೆ ಸಾರ್."

"ಕೋಷ್ಟಕ ಉಂಟಲ್ಲ! ಎಲ್ಲ ಊರಿಗೂ ಅದನ್ನೇ ಹಾಕಿದ್ದೇವೆ. ೪೭.೩೬. ಎಷ್ಟು ಚಂದ ಉಂಟು."

"ಚಂದ ಉಂಟು. ಆದರೆ ಮೊದಲನೇ ಅಂಕಿಯೇ ಗಟ್ಟಿಯಿಲ್ಲದಾಗ ಚುಕ್ಕಿಯ ಆಚೆ ಎರಡು ಅಂಕಿ ಯಾಕೆ?"

ಪೈಗಳು ಕನ್ನಡಕ ತೆಗೆದರು. "ಹಾಗಾದರೆ ೪೨ ಅಂತ ಮಾತ್ರ ಬರಿ. ನಿನ್ನ ಕೆರಾಡಿಗೆ ಹಾಲೂ ಬರುತ್ತದೆ. ಆಯ್ತಲ್ಲ?"

ಹಾಲು ಬರುತ್ತದೆ ಎಂದು ಅಮ್ಮಣ್ಣಿಗೆ ಹೇಳಬಹುದಾದ ಮಾತು ಗಿರಿಜಾಳ ನಾಲಿಗೆಯ ತುದಿಗೇ ಬಂದಿತ್ತು. ಅವಳು ವರದಿಯನ್ನು ತನ್ನತ್ತ ಎಳೆದುಕೊಂಡಳು.

"ಆರೇ ಮನೆಯ ಅಕ್ಕಿಯ ಸರಾಸರಿ ಸಾರ್ ಅದು. ಊರಿನಲ್ಲಿ ಯಾವ ಅಕ್ಕಿ ಎಷ್ಟು ಉಣ್ಣುತ್ತಾರೆ ಅಂತ ನನಗೆ ಗೊತ್ತಿಲ್ಲ. ಮೀನು, ಬೇಳೆಗೆ ಕೋಷ್ಟಕದ್ದೇ ಹಾಕಿದ್ದೇನೆ, ಅದನ್ನೂ ಬರೆದಿದ್ದೇನೆ. ಬರೇ ೪೨ ಅಂದರೆ ಇದೆಲ್ಲ ನನಗೆ ಗೊತ್ತು ಅಂತ ಆಗುತ್ತದೆ."

"ಸಮಿತಿಯವರು ಗೆರೆಯ ಮೇಲೋ ಕೆಳಗೋ ಅಂತ ಕೇಳುತ್ತಾರೆ."

"ಎರಡಕ್ಕೂ ಆಧಾರ ಸಾಲದು ಅಂತ ಕೊನೆಯ ಸಾಲಿನಲ್ಲಿದೆ. ಸಂಶಯ ಇದ್ದಾಗ ಮಕ್ಕಳಿಗೆ ಹಾಲು ಕೊಡಬೇಕೋ ಬೇಡವೋ ಅಂತ ಅವರು ತೀರ್ಮಾನಿಸಲಿ. ನಾವು ಸಂಶಯವನ್ನು ಅಳಿಸಿ ಕಳಿಸಿದರೆ, ತೀರ್ಮಾನ ನಾವೇ ಕದ್ದ ಹಾಗೆ."

"ನಿನ್ನನ್ನು ಈ ಕೆಲಸದಿಂದ ತೆಗೆಯಬೇಕಾಗುತ್ತದೆ."

"ತೆಗೆಯಿರಿ. ತೂಗಿದವಳು ನಾನು. ಒಂದೇ ಸಂಖ್ಯೆಯ ಕೆಳಗೆ ನನ್ನ ಸಹಿ ಬೀಳುವುದಿಲ್ಲ."

ಸಹಿಯಿಲ್ಲದ ವರದಿ ಮುಂದೆ ಹೋಗುವ ಹಾಗಿರಲಿಲ್ಲ. ಪೈಗಳು ಗೊಣಗುತ್ತಲೇ ಅದನ್ನು ಇದ್ದ ಹಾಗೆ ಕಳಿಸಿದರು. ವಾರ ಕಳೆದು ಸಮಿತಿಯಿಂದ ಉತ್ತರ ಬಂತು: ಕೆರಾಡಿಯ ತೀರ್ಮಾನ ಸದ್ಯಕ್ಕಿಲ್ಲ, ಹೆಚ್ಚಿನ ಮಾದರಿ ಬೇಕು. ಅದರ ಜೊತೆಗೆ ಗಿರಿಜಾಳನ್ನು ನಾವುಂದ ಎಂಬ ಊರಿಗೆ ವರ್ಗ ಮಾಡಿದ ಆದೇಶ.

ಹಾಲು ಬರಲಿಲ್ಲ ಎಂಬುದನ್ನು ಬೇರೆಯವರ ಬಾಯಿಗೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ವಂಡ್ಸೆಯಲ್ಲಿ ಬಸ್ಸಿಳಿದು ಕೆರಾಡಿಗೆ ನಡೆದಳು.

ಅಮ್ಮಣ್ಣಿ ಕೇಳಿ ಮುಗಿಸಿ, ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು.

"ಸುಳ್ಳ್ ಹೇಳಿರೆ ಇಷ್ಟೊತ್ತಿಗ್ ಹಾಲ್ ಬತ್ತಿತ್ತ್," ಅಂದಳು.

"ಬರುತ್ತಿತ್ತು."

"ಹಾಂ." ಅಮ್ಮಣ್ಣಿ ಎದ್ದು ಸೆರಗು ಸಿಕ್ಕಿಸಿಕೊಂಡಳು. "ನಮ್ಮ ಹೊಟ್ಟಿ ಲೆಕ್ಕ ಆರ್ ಮನಿಯಂಗ್ ಸಿಕ್ಕುದಿಲ್ಲೆ ಅಂದ್ರಲ್ದಾ? ಎಲ್ಲ ಮನಿ ಅಕ್ಕಿ ತೆಕಂಡ್ ಹೋಯ್ನಿ. ಬೈಲಿಂದ್, ಬೆಟ್ಟಿಂದ್, ಯಾರ್ ಎಷ್ಟ್ ಉಂಬುದ್, ಎಲ್ಲ ಬರ್ಕಣಿ. ಅವ್ರ್ ಸಾಕ್ ಅಂಬುವಷ್ಟ್ ಕಳ್ಸುವ."

"ನನ್ನನ್ನು ನಾವುಂದಕ್ಕೆ ಹಾಕಿದ್ದಾರೆ ಅಮ್ಮಣ್ಣಿಯಕ್ಕ."

"ನಾವುಂದ ಎಂತ ಬೊಂಬಾಯಾ? ಆಯ್ತವಾರ ಬನ್ನಿ." ಅವಳು ಅಂಗಳಕ್ಕಿಳಿದು ಪಕ್ಕದ ಮನೆಯತ್ತ ಕೂಗಿದಳು, "ಹ್ವಾಯ್ ಗುಣವತಿ, ನಿಮ್ಮನಿ ಅಕ್ಕಿ ಒಂದ್ ಮುಷ್ಟಿ ತಾ!"