ಬೀದಿಗೆ ಬಾಯಿಬಿಟ್ಟ ಕೊಳವೆ

ಮಸ್ಕಿಯ ಆದೆಪ್ಪ ಸಾಹುಕಾರನಿಗೆ ದೇವರು ಎರಡು ಅಂಗಡಿ ಕೊಟ್ಟಿದ್ದ. ಬುದ್ಧಿ ಕೊಡುವ ಹೊತ್ತಿಗೆ ದೇವರ ಕೈ ಖಾಲಿಯಾಗಿತ್ತೋ ಏನೋ. ಊರವರು ಹೀಗೆ ಬಾಯಿಬಿಟ್ಟು ಅನ್ನುತ್ತಿರಲಿಲ್ಲ, ದೊಡ್ಡ ಅಂಗಡಿಯವನ ಬಗ್ಗೆ ಯಾರೂ ಹಾಗೆ ಅನ್ನುವುದಿಲ್ಲ. ಅನ್ನುತ್ತಿದ್ದವಳು ಅವನ ಅಕ್ಕ ವೀರಭದ್ರಮ್ಮ. ಅದೂ ಅವನದೇ ಅಡುಗೆಮನೆಯಲ್ಲಿ ಕೂತು, ಅವನಿಗೇ ರೊಟ್ಟಿ ಬಡಿಯುತ್ತ, ಮನಸ್ಸಿನಲ್ಲೇ.

ಮನಸ್ಸಿನಲ್ಲೇ ಅನ್ನದೆ ಅವಳಿಗೆ ಗತಿ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಸಂತೆಕಲ್ಲೂರಿನ ಅತ್ತೆಮನೆಯವರು ಅವಳಿಗೆ ದನದ ಕೊಟ್ಟಿಗೆಯ ಮೂಲೆ ತೋರಿಸಿದ್ದರು. ಉಂಡ ರೊಟ್ಟಿಯ ಲೆಕ್ಕವನ್ನು ಓರಗಿತ್ತಿ ನೆರೆಯವರಿಗೆ ಹೇಳಿಕೊಂಡು ತಿರುಗುತ್ತಿದ್ದಳು. ಒಂದು ಬೆಳಿಗ್ಗೆ ಸೀರೆಯ ಗಂಟು ಬಗಲಲ್ಲಿಟ್ಟು ತವರಿಗೆ ಬಂದವಳು, ತಮ್ಮನ ಒಲೆಯ ಮುಂದೆ ಕೂತಳು. ಅಂದಿನಿಂದ ಆ ಒಲೆ ಅವಳದು, ಆ ಒಲೆ ಇರುವವರೆಗೆ ಆ ಮನೆಯೂ ಅವಳದು. ತಮ್ಮನ ಹೆಂಡತಿ ಕಸ್ತೂರೆಮ್ಮ ತಕರಾರು ತೆಗೆಯಲಿಲ್ಲ. ರೊಟ್ಟಿ ಬಡಿಯುವ ಕೈ ಬೇರೆ ಸಿಕ್ಕರೆ ತಕರಾರು ಯಾಕೆ ತೆಗೆದಾಳು.

ಮಣ್ಣಿನ ಒಲೆ, ಅದರ ನೆತ್ತಿಗೆ ಸರಿಯಾಗಿ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಹೊಗೆ ಎದ್ದು ನೆಟ್ಟಗೆ ಆ ಕಿಂಡಿಯಿಂದ ಹೋಗುತ್ತಿತ್ತು. ಮಳೆ ಬಂದರೆ ಮೇಲೊಂದು ಗಡಿಗೆ ಮುಚ್ಚುವುದು, ನಿಂತರೆ ತೆಗೆಯುವುದು. ಇಷ್ಟು ಸರಳವಾದದ್ದು ಸಾಹುಕಾರನ ಮನೆಯಲ್ಲಿ ಎಷ್ಟು ದಿನ ಉಳಿಯಬೇಕು?

ಹಟ್ಟಿಯ ಚಿನ್ನದ ಗಣಿ ಮುಚ್ಚಿ ಬಿಳಿ ದೊರೆಗಳು ಗಂಟುಮೂಟೆ ಕಟ್ಟಿದ ಮೇಲೆ ಅವರ ಬಂಗಲೆಯ ಸಾಮಾನು ಹರಾಜಾಯಿತು. ಜಾಣರು ತೊಲೆ, ಬಾಗಿಲು, ಹಗ್ಗ ತಂದರು. ಆದೆಪ್ಪ ಕಬ್ಬಿಣದ ಒಲೆ ತಂದ. ಮುಂದೆ ಕಟ್ಟಿಗೆ ಹಾಕುವ ಬಾಗಿಲು, ಮೇಲೆ ತೆಗೆದಿಡುವ ದುಂಡು ಮುಚ್ಚಳ, ಹಿಂದೆ ಹೊಗೆ ಹೋಗುವ ಒಂದು ತುಂಡು ಕೊಳವೆ. ಅದನ್ನು ಗಾಡಿಯಿಂದ ಇಳಿಸುವ ದಿನ ಬಜಾರದವರೆಲ್ಲ ನೋಡಲು ಬಂದಿದ್ದರು. ಆ ನೋಟವೇ ಅವನ ತಲೆಗೇರಿತು.

"ಕೊಳವಿ ಮಾಳಿಗಿ ಮ್ಯಾಲ ಬಿಡೂಣ್ರಿ, ಸಾವ್ಕಾರ್ರ?" ಎಂದು ಕಮ್ಮಾರ ಕೇಳಿದ.

"ಮಾಳಿಗಿ ಮ್ಯಾಲ ಬಿಟ್ರ ಯಾರಿಗಿ ಕಾಣಸ್ತೈತೋ? ಕಾಗಿಗೇನು? ಬೀದಿಗಿ ಬಿಡು. ನಮ್ಮ ಮನ್ಯಾಗ ಇಂಗ್ಲಿಷ್ ಒಲಿ ಉರಿಯಾಕತ್ತೈತಿ ಅಂತ ಬಜಾರಿಗಿ ಗೊತ್ತಾಗಬೇಕು."

ಕಮ್ಮಾರನಿಗೂ ಅಂಥ ಒಲೆ ಹೊಸದು. ಹೇಳಿದ್ದನ್ನು ಮಾಡಿದ. ಸೀಮೆಎಣ್ಣೆಯ ಡಬ್ಬಿಗಳನ್ನು ಬಿಚ್ಚಿ, ಸುತ್ತಿ, ಒಂದಕ್ಕೊಂದು ಪೋಣಿಸಿದ. ಒಲೆಯಿಂದ ಎದ್ದ ಕೊಳವೆ ತೊಲೆಯ ಕೆಳಗೆ ಮಡಚಿಕೊಂಡು, ಅಡುಗೆಮನೆ ದಾಟಿ, ಪಡಸಾಲೆಯ ಉದ್ದಕ್ಕೂ ಅಡ್ಡ ಮಲಗಿ, ಪಡುವಣ ಗೋಡೆಯಲ್ಲಿ ತೂತು ಕೊರೆದು ಬೀದಿಗೆ ಬಾಯಿಬಿಟ್ಟಿತು. ಇನ್ನು ಬೆಳಕಿಂಡಿ ಯಾಕೆ, ಹಳ್ಳಿಗರ ಹಾಗೆ? ಅದರ ಮೇಲೆ ಚಪ್ಪಡಿ ಹಾಕಿ ಗಚ್ಚು ಬಡಿದರು. ಮಣ್ಣಿನ ಒಲೆಯನ್ನು ಒಡೆದು ಹೆಂಟೆ ಮಾಡಿ ಹೊರಗೆ ಹಾಕಿದರು. ವೀರಭದ್ರಮ್ಮ ಆ ಹೆಂಟೆಗಳನ್ನು ಒಂದೊಂದಾಗಿ ಆರಿಸಿ ಹಿತ್ತಲಿನ ಮೂಲೆಯಲ್ಲಿ ಒಟ್ಟಿದಳು.

ಬೇಸಿಗೆಯಲ್ಲಿ, ಗಾಳಿ ಇಲ್ಲದ ದಿನಗಳಲ್ಲಿ, ಹೇಗೋ ನಡೆಯಿತು. ಹಚ್ಚಿದ ಕೂಡಲೇ ಒಂದಿಷ್ಟು ಹೊಗೆ ಮುಚ್ಚಳದ ಸಂದಿನಿಂದ ಹಿಂದಕ್ಕೆ ಬರುತ್ತಿತ್ತು. ಒಣ ತೊಗರಿಕಟ್ಟಿಗೆ ತುರುಕಿ ಜೋರಾಗಿ ಉರಿ ಹಾಕಿ ಕೊಳವೆ ಕಾಯಿಸಿದರೆ ಉಳಿದದ್ದು ತೆವಳಿಕೊಂಡು ಬೀದಿ ಸೇರುತ್ತಿತ್ತು. ಬೀದಿಯಲ್ಲಿ ಹೊಗೆ ಕಂಡಾಗ ಆದೆಪ್ಪ ಮೀಸೆ ತಿರುವುತ್ತಿದ್ದ. ಅಷ್ಟು ಉದ್ದ ಅಡ್ಡಬಿದ್ದ ಕೊಳವೆಯಲ್ಲಿ ಹೊಗೆ ಆರಿ ತಣ್ಣಗಾಗಿ, ಮೇಲೇರುವ ಕಸುವನ್ನೇ ಕಳೆದುಕೊಂಡು, ಒಳಗೆಲ್ಲ ಮಸಿ ಕಟ್ಟುತ್ತಿತ್ತು. ತಟ್ಟಿದರೆ ಡಬ್ಬಿಯ ಸದ್ದು ಹೋಗಿ ಮಡಕೆಯ ಸದ್ದು ಬರತೊಡಗಿತು. ಬಿಚ್ಚಿ ಝಾಡಿಸೋಣ ಎಂದು ಅಕ್ಕ ಕೇಳಿದರೆ, "ಬಿಚ್ಚಿದರ ಗ್ವಾಡಿ ಹೊಲಸಾಗತೈತಿ, ಸುಮ್ನಿರು" ಎಂದ.

ಆಷಾಢ ಬಂತು. ಪಡುವಣ ಗಾಳಿ ನೇರ ಬಂದು ಕೊಳವೆಯ ಬಾಯಿಗೆ ಬಾಯಿಟ್ಟು ಊದಿತು. ಹೊಗೆ ಬಂದ ದಾರಿಯಲ್ಲೇ ತಿರುಗಿ, ಒಲೆಯ ಬಾಗಿಲಿನಿಂದ, ಮುಚ್ಚಳದಿಂದ, ಪಡಸಾಲೆಯ ಮೇಲಿನ ಒಂದೊಂದು ಬೆಸುಗೆಯಿಂದ ಮನೆಯೊಳಗೇ ಸುರಿಯಿತು. ಹೊರಗೆ ಹೋಗಲು ಕಿಂಡಿ ಎಲ್ಲಿದೆ? ವೀರಭದ್ರಮ್ಮನ ಕಣ್ಣು ಮೆಣಸಿನಕಾಯಿಯಾದವು. ಗಾಳಿ ನಿಂತ ದಿನ ಹೊಗೆ ಕಡಿಮೆ, ಬೀಸಿದ ದಿನ ಹೆಚ್ಚು. ಇದನ್ನು ತಿಳಿಯಲು ಪಂಡಿತರೇನೂ ಬೇಕಾಗಿರಲಿಲ್ಲ. ಮೂಗಿದ್ದರೆ ಸಾಕಿತ್ತು. ಆದೆಪ್ಪನ ಮೂಗು ಮಾತ್ರ ಯಾವಾಗಲೂ ಮುಗಿಲಿಗಿರುತ್ತಿತ್ತು.

ಅಂಥ ಒಂದು ಗಾಳಿಯ ದಿನವೇ ಅವನು ಲಿಂಗಸುಗೂರಿನ ಸರ್ಕಾರಿ ಕಚೇರಿಯ ಪೇಶ್ಕಾರ ಸಾಹೇಬರನ್ನು ಚಹಾಕ್ಕೆ ಕರೆದ. ಸಾಹೇಬರು ಬಿಳಿ ಶೇರವಾನಿ ತೊಟ್ಟು ಸರಿಯಾಗಿ ಕೊಳವೆಯ ಕೆಳಗಿನ ಗಾದಿಯ ಮೇಲೆ ಕೂತರು. ಕೊಳವೆ ಒಮ್ಮೆ ಕೆಮ್ಮಿತು. ಬೆಸುಗೆ ಬಿಟ್ಟ ಕಡೆಯಿಂದ ಬೊಗಸೆಯಷ್ಟು ಮಸಿ ಇಳಿದು ಅರ್ಧ ಚಹಾದೊಳಗೆ, ಅರ್ಧ ಶೇರವಾನಿಯ ಮೇಲೆ ಬಿತ್ತು. "ಬಹುತ್ ಖೂಬ್, ಸಾವ್ಕಾರ್" ಎಂದಷ್ಟೇ ಹೇಳಿ, ಕಣ್ಣೊರೆಸಿಕೊಳ್ಳುತ್ತ ಅವರು ಕುದುರೆ ಹತ್ತಿದರು.

ತಪ್ಪು ಯಾರದ್ದಾದರೂ ಆಗಲೇಬೇಕಿತ್ತು. ತನ್ನದಂತೂ ಆಗುವಂತಿರಲಿಲ್ಲ. ಆದೆಪ್ಪ ಮನೆಯ ಅಯ್ಯನವರಾದ ಕರಿಬಸಯ್ಯನನ್ನು ಕರೆಸಿದ. ಪ್ರತಿ ಸೋಮವಾರ ಇದೇ ಮನೆಯಲ್ಲಿ ಹೋಳಿಗೆ ಉಣ್ಣುವ ಕರಿಬಸಯ್ಯ, ಸಾಹುಕಾರನ ತಪ್ಪು ಹುಡುಕುವಷ್ಟು ದಡ್ಡನಲ್ಲ. ಒಲೆಯನ್ನು ಸುತ್ತುಹಾಕಿ, ಕಣ್ಣು ಮುಚ್ಚಿ ತೆರೆದು ಹೇಳಿದ.

"ಒಲಿ ಏನೋ ಛಲೋ ಐತಿ, ಆದೆಪ್ಪ. ಹಚ್ಚೋ ಕೈ ಛಲೋ ಇಲ್ಲ. ಮುತ್ತೈದಿ ಹಚ್ಚಬೇಕಾದ ಹೊಸಾ ಒಲಿ. ಕೈಗುಣ ಅಂತ ಒಂದು ಇರತೈತಲ್ಲ."

ವೀರಭದ್ರಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. "ಅಯ್ಯಾರ, ಲಿಂಗ ಕಟ್ಟಿದ ಮೈಗಿ ಸೂತಕ ಇಲ್ಲ ಅಂತ ಹ್ವಾದ ಶ್ರಾವಣದಾಗ ನೀವ ಪುರಾಣ ಹೇಳಿದ್ರಿ" ಎಂದಳು.

"ಅದು ಪುರಾಣದಾಗ, ಯವ್ವಾ. ಇದು ಒಲಿ ಮಾತು" ಎಂದ ಕರಿಬಸಯ್ಯ.

ಬರುವ ಸೋಮವಾರ ಅಕ್ಕನನ್ನು ಸಂತೆಕಲ್ಲೂರಿಗೆ ಕಳಿಸುವುದು, ದೃಷ್ಟಿ ಹೋಗಲು ಕೊಳವೆಯ ಬಾಯಿಗೆ ಬೂದುಗುಂಬಳಕಾಯಿ ಕಟ್ಟುವುದು, ಕಸ್ತೂರೆಮ್ಮನ ಕೈಯಿಂದ ಒಲೆ ಹಚ್ಚಿಸುವುದು ಎಂದು ನಿಶ್ಚಯವಾಯಿತು. ಅಕ್ಕನ ಮುಖ ನೋಡಿ ಹೇಳುವ ಧೈರ್ಯ ಆದೆಪ್ಪನಿಗಿರಲಿಲ್ಲ. ಗೋಡೆಗೆ ಹೇಳಿದಂತೆ ಹೇಳಿ ಅಂಗಡಿಗೆ ಹೋದ. ವೀರಭದ್ರಮ್ಮನಿಗೆ ಆ ದಿನ ಹೊಗೆ ಇಲ್ಲದೆಯೂ ಕಣ್ಣಲ್ಲಿ ನೀರು ಬಂತು. ಸಂತೆಕಲ್ಲೂರಿನ ಕೊಟ್ಟಿಗೆಯ ಮೂಲೆ ಮತ್ತೆ ಕಣ್ಣ ಮುಂದೆ ನಿಂತಿತು. ಭಯದ ಜೊತೆಗೇ ಸಿಟ್ಟೂ ಇತ್ತು. ತಾನು ಎತ್ತಿ ಆಡಿಸಿದ ಹುಡುಗ ಒಂದು ತಗಡಿನ ಕೊಳವೆಯ ಮಾನ ಉಳಿಸಲು ತನ್ನ ಮಾನ ತೆಗೆಯುತ್ತಿದ್ದಾನೆ ಎಂಬ ಸಿಟ್ಟು.

ಸೋಮವಾರ ಗಾಡಿ ಹೊಡೆಯುವ ನರಸಣ್ಣ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಅವಳ ಟ್ರಂಕು, ಕೌದಿ ಗಾಡಿಗೇರಿದವು. ಗಾಳಿ ಬೆಳಿಗ್ಗೆಯಿಂದಲೇ ಮಣ್ಣು ತೂರುತ್ತಿತ್ತು. ಕರಿಬಸಯ್ಯ ತಾನೇ ನಿಂತು ಕೊಳವೆಯ ಬಾಯಿಗೆ ಎದುರಾಗಿ ದೊಡ್ಡದೊಂದು ಕುಂಬಳಕಾಯಿಯನ್ನು ಹಗ್ಗದಲ್ಲಿ ತೂಗುಹಾಕಿಸಿದ. ಒಳಗೆ ಕಸ್ತೂರೆಮ್ಮ ಹಸಿರು ಸೀರೆ ಉಟ್ಟು, ಅರಿಸಿನ ಕುಂಕುಮವಿಟ್ಟು ಒಲೆ ಹಚ್ಚಿದಳು. ಹೊಗೆ ಮುತ್ತೈದೆಯ ಮುಖ ನೋಡಲಿಲ್ಲ. ಬುಸ್ಸೆಂದು ಹಿಂದಕ್ಕೆ ಬಂತು.

"ಆಕಿ ಇನ್ನೂ ಹೊಸ್ತಿಲದಾಗ ಅದಾಳ. ಅದಕ್ಕ ಹಿಂಗ" ಎಂದ ಕರಿಬಸಯ್ಯ.

ವೀರಭದ್ರಮ್ಮ ಬೀದಿಗಿಳಿದು ಗಾಡಿಯ ಪಕ್ಕ ನಿಂತಳು. ಮತ್ತೆ ಹಚ್ಚಿದರು. ಈ ಸಲ ಮೊದಲಿಗಿಂತ ಹೆಚ್ಚು ಬಂತು. ಕರಿಬಸಯ್ಯ ಕಣ್ಣು ತಿಕ್ಕಿಕೊಳ್ಳುತ್ತ ಕಸ್ತೂರೆಮ್ಮನ ಕಡೆ ತಿರುಗಿದ. "ತಾಯಿ, ನಿಮ್ಮ ತವರಮನ್ಯಾಗ ಈಗ ಏನರ ಸೂತಕ..." ಎಂದು ಶುರುಮಾಡಿದ.

ಇಷ್ಟು ದಿನ ತುಟಿ ಬಿಚ್ಚದ ಕಸ್ತೂರೆಮ್ಮನಿಗೆ ಆಗ ತಿಳಿಯಿತು, ಮುಂದಿನ ಗಾಡಿ ಯಾರ ಸಲುವಾಗಿ ಬರುತ್ತದೆ ಎಂದು. ಕೈಯಲ್ಲಿದ್ದ ಊದುಗೊಳವೆ ನೆಲಕ್ಕೆ ಒಗೆದು ಎದ್ದು ನಿಂತಳು. "ನನ್ನ ತವರಿಗಿ ಹೋಗಬ್ಯಾಡ್ರಿ, ಅಯ್ಯಾರ. ಯಾರ ಕೈ ಛಲೋ ಐತಿ ಅವರು ಹಚ್ಚಲಿ" ಎಂದಳು.

ಬೀದಿಬಾಗಿಲ ಕಡೆಯಿಂದ ವೀರಭದ್ರಮ್ಮನ ದನಿ ಬಂತು, ಸಕ್ಕರೆಯಲ್ಲಿ ಅದ್ದಿ ತೆಗೆದಂಥ ದನಿ. "ಆದೆಪ್ಪಾ, ಈ ಮನ್ಯಾಗ ಕೈಗುಣ ಅಂದ್ರ ನಿಂದು. ಎರಡು ಅಂಗಡಿ ಅದ ಕೈಯಿಂದ ಎದ್ದಾವ. ಒಲಿ ಯಾವ ದೊಡ್ಡ ಮಾತು? ನೀ ಹಚ್ಚಪ್ಪ, ನಾ ಕಣ್ಣತುಂಬ ನೋಡಿ ಹೋಗತೀನಿ."

ಹೊಗಳಿಕೆ ಎಲ್ಲಿದ್ದರೂ ಆದೆಪ್ಪ ಅಲ್ಲಿಗೆ ಹೋಗಿ ಬೀಳುತ್ತಿದ್ದ. ಬಜಾರದವರು ಆಗಲೇ ಬಾಗಿಲಿಗೆ ನೆರೆದಿದ್ದರು. ಧೋತರದ ಚುಂಗು ಸಿಕ್ಕಿಸಿ, ಕಟ್ಟಿಗೆ ಒಟ್ಟಿ, ಎಣ್ಣೆ ಸುರಿದು ಕಡ್ಡಿ ಗೀರಿದ. ಹೊರಗೆ ಗಾಳಿ ಒಮ್ಮೆ ಜೋರಾಗಿ ಬೀಸಿತು. ಕುಂಬಳಕಾಯಿ ತೂಗಾಡಿ ಹೋಗಿ ಕೊಳವೆಯ ಬಾಯಿಗೆ ಬಿರಡೆಯ ಹಾಗೆ ಕೂತದ್ದನ್ನು ವೀರಭದ್ರಮ್ಮ ಕಣ್ಣಾರೆ ಕಂಡಳು. ಬೆರಳೆತ್ತಿ ತೋರಿಸಲಿಲ್ಲ. ಒಳಗೆ ಆದೆಪ್ಪ ಉರಿ ಯಾಕೆ ಏಳಲಿಲ್ಲವೆಂದು ಒಲೆಯ ಬಾಗಿಲು ತೆರೆದು ಮುಖವಿಟ್ಟು ಊದಿದ.

ಹೊರಗೆ ಬಂದವನು ಆದೆಪ್ಪ ಎಂದು ಧೋತರದಿಂದ ಗುರುತು ಹಿಡಿಯಬೇಕಾಯಿತು. ಮುಖದಲ್ಲಿ ಬಿಳಿಯಾಗಿದ್ದದ್ದು ಕಣ್ಣೆರಡೇ. ಮೀಸೆಯ ಒಂದು ಬದಿ ಸುಟ್ಟು ಸುರುಟಿತ್ತು. ಅವನ ಹಿಂದೆ ಕರಿಬಸಯ್ಯ ರುದ್ರಾಕ್ಷಿಯ ಜೊತೆಗೆ ಕೆಮ್ಮನ್ನೂ ಎಣಿಸುತ್ತ ಬಂದ. ಯಾರೂ ನಗಲಿಲ್ಲ. ನಗುವನ್ನು ಎಲ್ಲರೂ ಸೆರಗಿನಲ್ಲಿ, ರುಮಾಲಿನ ತುದಿಯಲ್ಲಿ ಹಿಡಿದಿಟ್ಟುಕೊಂಡರು.

"ಗಾಳಿ... ಗಾಳಿ ಭಾಳ ಐತಿ ಇವತ್ತು" ಎಂದ ಆದೆಪ್ಪ.

"ಹೌದಪ್ಪ" ಎಂದಳು ವೀರಭದ್ರಮ್ಮ. ದನಿಯಲ್ಲಿ ಈಗ ಸಕ್ಕರೆ ಇರಲಿಲ್ಲ. "ನಾ ಹಚ್ಚಿದರ ಕೈಗುಣ. ನೀ ಹಚ್ಚಿದರ ಗಾಳಿ."

ಆದೆಪ್ಪ ಬಾಯಿ ತೆರೆದ. ತಪ್ಪಾಯಿತು ಎನ್ನುವ ಮಾತು ಬರಬಹುದೆಂದು ಅವಳು ಒಂದು ಗಳಿಗೆ ಕಾದಳು. ಬಂದದ್ದು ಕೆಮ್ಮು.

ಮಾತಾಡಿದವಳು ಕಸ್ತೂರೆಮ್ಮ. "ನರಸಣ್ಣ, ಯಕ್ಕಾರ ಟ್ರಂಕು ಒಳಗ ತಂದಿಡು" ಎಂದಳು. ಅದು ಗಂಡನ ಅಕ್ಕನ ಮೇಲಿನ ಪ್ರೀತಿ ಎಂದು ಯಾರೂ ತಿಳಿಯಬೇಕಾಗಿಲ್ಲ. ನಾಳೆಯಿಂದ ಆ ಒಲೆಯ ಮುಂದೆ ತಾನು ಕೂರಬೇಕು ಎಂಬ ಲೆಕ್ಕ ಅದು. ವೀರಭದ್ರಮ್ಮನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಕೇಳಿ ಅವಳ ಎದೆ ಹಗುರಾಯಿತು.

"ಗಾಡಿ ಖಾಲಿ ಹೊಡಕೊಂಡು ಹೋಗಲೇನ್ರಿ, ಸಾವ್ಕಾರ್ರ?" ಎಂದು ನರಸಣ್ಣ ಕೇಳಿದ.

ಇಷ್ಟು ಜನರ ಮುಂದೆ ಆದೆಪ್ಪನಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಎದೆ ಸೆಟೆಸಿ, "ಒಲಿ ಹೇರ್ರಿ" ಎಂದ. "ನಾ ಇದನ್ನ ಅಯ್ಯಾರ ಮನಿಗಿ ದಾನ ಕೊಟ್ಟೀನಿ. ಮದಲಿಂದನೂ ಕೊಡೋ ವಿಚಾರ ಇತ್ತು."

ಕರಿಬಸಯ್ಯ ಬೇಡವೆನ್ನಲು ಕೈಯೆತ್ತಿದ. ಒಲೆ ಛಲೋ ಐತಿ ಎಂದು ಇದೇ ಬಾಯಿಂದ ಹೇಳಿದ್ದವನು, ಎತ್ತಿದ ಕೈಯನ್ನು ಆಶೀರ್ವಾದಕ್ಕೆ ತಿರುಗಿಸಬೇಕಾಯಿತು. ಒಲೆ ಹೋಯಿತು, ಹಿಂದಿನಿಂದ ಮಸಿ ಉದುರಿಸುತ್ತ ಕೊಳವೆಯ ತುಂಡುಗಳೂ ಹೋದವು.

ವೀರಭದ್ರಮ್ಮ ಅಂದೇ ಮಾಳಿಗೆಯ ಚಪ್ಪಡಿ ಕೀಳಿಸಿದಳು. ಹಿತ್ತಲಿನ ಹೆಂಟೆ ಕುಟ್ಟಿ, ಹೊಟ್ಟು ಬೆರೆಸಿ ಕಲಸಿ, ಕಿಂಡಿಯ ಕೆಳಗೆ ಹೊಸ ಒಲೆ ಹಾಕಿ ಸಾರಿಸಿದಳು. ಸಂಜೆ ಆದೆಪ್ಪ ಮುಖ ತೊಳೆದು, ಸುಟ್ಟ ಮೀಸೆಯನ್ನು ಎರಡೂ ಬದಿ ಕತ್ತರಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಬಂದು ಮಣೆಯ ಮೇಲೆ ಕೂತ.

"ಅಕ್ಕ, ರೊಟ್ಟಿ ಹಾಕು."

ಅವಳು ಹಸಿ ಒಲೆಯ ಬಾಯಿಯನ್ನು ಒದ್ದೆ ಬೆರಳಿನಿಂದ ತೀಡುತ್ತಲೇ ಇದ್ದಳು.

"ಒಲಿ ಆರೂದಕ್ಕ ಇನ್ನೂ ಹೊತ್ತು ಬೇಕಪ್ಪ. ಅಲ್ಲೀತನಕ ಅಯ್ಯಾರ ಮನ್ಯಾಗ ಉಂಡು ಬಾ. ಅವರ ಮನ್ಯಾಗ ಇಂಗ್ಲಿಷ್ ಒಲಿ ಐತಿ."